ನಮ್ಮ ಮನೆಯ ಆನ್‌ಲೈನ್ ಖಾತೆ, ಚಂದಾ ಮತ್ತು ಡಿಜಿಟಲ್ ಕಡತಗಳ ವಿವರ

ಕೋಥ್ರೂಡ್, ಪುಣೆ. 14 ಜನವರಿ 2026.

ನನ್ನ ಪತ್ನಿ, ಬೆಂಗಳೂರಿನಲ್ಲಿರುವ ಮಗಳು ಮತ್ತು ಧಾರವಾಡದ ತಮ್ಮ, ಈ ಮೂವರಿಗಾಗಿ ಇದನ್ನು ಬರೆದಿಟ್ಟಿದ್ದೇನೆ. ಮೂರು ವರ್ಷಗಳ ಹಿಂದೆ ಡೊಂಬಿವಲಿಯಲ್ಲಿ ಅಣ್ಣ ಐಸಿಯುನಲ್ಲಿದ್ದ ರಾತ್ರಿ, ವಿಮೆಯ ಪಾಲಿಸಿ ಸಂಖ್ಯೆ ಅವನ ಫೋನಿನೊಳಗೇ ಇದ್ದು, ಅದನ್ನು ತೆರೆಯುವ ಪಿನ್ ಯಾರಿಗೂ ಗೊತ್ತಿಲ್ಲದೆ, ಅತ್ತಿಗೆ ಕ್ಯಾಶ್‌ಲೆಸ್ ಕೌಂಟರಿನೆದುರು ಮಕ್ಕಳ ಹುಟ್ಟಿದ ದಿನಗಳನ್ನು ಒಂದೊಂದಾಗಿ ಒತ್ತುತ್ತ ನಿಂತಿದ್ದರು. ನಿಮಗೆ ಆ ಸ್ಥಿತಿ ಬರಬಾರದು.

ಪಾಸ್‌ವರ್ಡ್‌ಗಳನ್ನು ಈ ಹಾಳೆಯಲ್ಲಿ ಬರೆದಿಲ್ಲ. ಅವೆಲ್ಲವೂ Bitwarden ಆ್ಯಪ್‌ನಲ್ಲಿವೆ. ಅದರ Emergency Access ಸೌಲಭ್ಯದಲ್ಲಿ ಮಗಳ ಹೆಸರನ್ನು ಸೇರಿಸಿದ್ದೇನೆ. ಅವಳು ತನ್ನ ಖಾತೆಯಿಂದ ಕೋರಿಕೆ ಕಳಿಸಿದ ಮೇಲೆ ನಾನು ಏಳು ದಿನ ನಿರಾಕರಿಸದಿದ್ದರೆ ಎಲ್ಲವೂ ಅವಳಿಗೆ ತೆರೆದುಕೊಳ್ಳುತ್ತದೆ. ಏಳು ದಿನ ಕಾಯಲಾಗದ ಕೆಲಸಗಳಿಗಾಗಿ, ಮಲಗುವ ಕೋಣೆಯ ಗೋದ್ರೆಜ್ ಕಪಾಟಿನ ಒಳಲಾಕರಿನಲ್ಲಿ ಅರಗಿನ ಮುದ್ರೆ ಹಾಕಿದ ಲಕೋಟೆಯನ್ನು ಇಟ್ಟಿದ್ದೇನೆ. ಅದರಲ್ಲಿ ನನ್ನ ಫೋನಿನ ಪಿನ್, ಲ್ಯಾಪ್‌ಟಾಪಿನ ಪಾಸ್‌ವರ್ಡ್, ಗೂಗಲ್ ಖಾತೆಯ ಹತ್ತು ಬ್ಯಾಕಪ್ ಕೋಡ್‌ಗಳು ಮತ್ತು ಆರೋಗ್ಯ ವಿಮೆಯ ಕಾರ್ಡಿನ ಪ್ರತಿ ಇವೆ. ಒಂದು ಕೋಡ್ ಒಂದೇ ಬಾರಿ ನಡೆಯುತ್ತದೆ. ಆದ್ದರಿಂದ ಬಳಸಿದ್ದನ್ನು ಹೊಡೆದುಹಾಕಿರಿ.

ಎಲ್ಲಕ್ಕಿಂತ ಮೊದಲು ನನ್ನ ಫೋನನ್ನೂ ಅದರ ಸಿಮ್ಮನ್ನೂ ಕಾಪಾಡಿಕೊಳ್ಳಿರಿ. ಬ್ಯಾಂಕು, ಆಧಾರ್, ಪಿಎಫ್, ಡಿಮ್ಯಾಟ್ ಎಲ್ಲದರ ಓಟಿಪಿ ಬರುವುದು ಆ ಒಂದೇ ನಂಬರಿಗೆ. ಅದು ಪ್ರೀಪೇಯ್ಡ್ ಸಿಮ್ ಆದ್ದರಿಂದ ರೀಚಾರ್ಜ್ ತಪ್ಪಿಸಬಾರದು. 90 ದಿನ ಬಳಕೆಯಿಲ್ಲದೆ ಬಿಟ್ಟ ನಂಬರನ್ನು ಕಂಪನಿ ನಿಲ್ಲಿಸಿ ಮುಂದೆ ಬೇರೊಬ್ಬರಿಗೆ ಕೊಡಬಹುದು. ದುಃಖದ ಮನೆಯಲ್ಲಿ ರೀಚಾರ್ಜ್ ಯಾರಿಗೂ ನೆನಪಾಗುವುದಿಲ್ಲ, ಆದ್ದರಿಂದ ಈ ಕೆಲಸವನ್ನು ತಮ್ಮನಿಗೆ ವಹಿಸಿದ್ದೇನೆ.

ಮನೆಯ ಖರ್ಚು ನಡೆಯುವುದು ಸ್ಟೇಟ್ ಬ್ಯಾಂಕಿನ ಜಂಟಿ ಖಾತೆಯಿಂದ. ಅದನ್ನು ಇಬ್ಬರಲ್ಲಿ ಯಾರಾದರೂ ನಡೆಸಬಹುದು. ನನ್ನ ಸಂಬಳದ ಖಾತೆ ನನ್ನೊಬ್ಬನದು, ನಾಮಿನಿ ಪತ್ನಿ. ನಾನು ಇಲ್ಲವಾದ ಮೇಲೆ ಆ ಖಾತೆಯಿಂದ ನನ್ನ ಪಿನ್ ಬಳಸಿ ಒಂದು ರೂಪಾಯಿಯನ್ನೂ ತೆಗೆಯಬೇಡಿರಿ. ಮರಣ ಪ್ರಮಾಣಪತ್ರದೊಂದಿಗೆ ಬ್ಯಾಂಕಿಗೆ ಹೋಗಿ ನಾಮಿನಿಯಾಗಿಯೇ ಪಡೆಯುವುದು ಸರಿಯಾದ ದಾರಿ. ಶೇರು ಮತ್ತು ಮ್ಯೂಚುವಲ್ ಫಂಡುಗಳನ್ನು ಒಂದೊಂದಾಗಿ ಹುಡುಕಬೇಕಾಗಿಲ್ಲ, ನನ್ನ ಇಮೇಲಿಗೆ ಬರುವ ಸಂಯುಕ್ತ ಖಾತಾ ವಿವರಪಟ್ಟಿಯಲ್ಲಿ ಎಲ್ಲವೂ ಒಟ್ಟಿಗೆ ಸಿಗುತ್ತವೆ; ಅದನ್ನು ತೆರೆಯುವ ಪಾಸ್‌ವರ್ಡ್ ನನ್ನ ಪ್ಯಾನ್ ಸಂಖ್ಯೆ. ಪಿಎಫ್‌ನ ಯುಎಎನ್ ಸಂಖ್ಯೆ ಸಂಬಳದ ಚೀಟಿಯಲ್ಲಿದೆ. ಅಲ್ಲಿ ಪಿಎಫ್ ಹಣವಲ್ಲದೆ ಇಡಿಎಲ್‌ಐ ವಿಮೆಯ ಹಣವೂ ಕುಟುಂಬಕ್ಕೆ ಸಲ್ಲುತ್ತದೆ ಎಂಬುದನ್ನು ಮರೆಯದೆ ಕೇಳಿರಿ.

ಮಹಾವಿತರಣದ ವಿದ್ಯುತ್ ಬಿಲ್ಲು, ಪೈಪ್ ಗ್ಯಾಸ್, ಇಂಟರ್‌ನೆಟ್ ಮತ್ತು ಸೊಸೈಟಿಯ ಮೇಂಟೆನೆನ್ಸ್ ಜಂಟಿ ಖಾತೆಯಿಂದ ಹೋಗುತ್ತವೆ. ಇವುಗಳ ಗ್ರಾಹಕ ಸಂಖ್ಯೆಗಳು ಬಿಲ್ಲಿನ ಹಸಿರು ಫೈಲಿನಲ್ಲಿವೆ. ಸಿನಿಮಾ ಮತ್ತು ಸಂಗೀತದ ಚಂದಾಗಳನ್ನು ಫೋನ್‌ಪೇಯ ಆಟೋಪೇ ವಿಭಾಗದಲ್ಲಿ ಯಾವಾಗ ಬೇಕಾದರೂ ರದ್ದು ಮಾಡಬಹುದು. ಎರಡನ್ನು ಮಾತ್ರ ಮುಟ್ಟಬೇಡಿರಿ: Bitwarden ಚಂದಾ ಮತ್ತು Google One. ನಮ್ಮ ಫೋಟೋಗಳೇ 130 ಜಿಬಿ ದಾಟಿವೆ. ಕೊಂಡ ಜಾಗದ ಚಂದಾ ನಿಂತರೆ ಜಿಮೇಲ್‌ಗೆ ಹೊಸ ಪತ್ರಗಳು ಬರುವುದೂ ನಿಂತುಹೋಗುತ್ತದೆ, ಆಗ ಬ್ಯಾಂಕಿನ ಸೂಚನೆಗಳು ನಿಮ್ಮ ಕೈಗೆ ಸಿಗುವುದಿಲ್ಲ. ಗೂಗಲ್‌ನ Inactive Account Manager ವ್ಯವಸ್ಥೆಯಲ್ಲಿ ಮೂರು ತಿಂಗಳ ಅವಧಿಯನ್ನು ಆರಿಸಿದ್ದೇನೆ. ಅಷ್ಟು ಕಾಲ ನನ್ನ ಖಾತೆ ಬಳಕೆಯಲ್ಲಿಲ್ಲದಿದ್ದರೆ ಪತ್ನಿಗೂ ಮಗಳಿಗೂ ಪತ್ರ ಬರುತ್ತದೆ. ಅದು ಮೋಸದ ಪತ್ರವೆಂದು ಅಳಿಸಿಬಿಡಬೇಡಿರಿ.

ಮನೆಯ ನೋಂದಾಯಿತ ಕರಾರು, ಇಂಡೆಕ್ಸ್-2 ಮತ್ತು ಸೊಸೈಟಿಯ ಶೇರು ಪತ್ರದ ಸ್ಕ್ಯಾನ್ ಪ್ರತಿಗಳು ಗೂಗಲ್ ಡ್ರೈವಿನ "ಮನೆ" ಎಂಬ ಫೋಲ್ಡರಿನಲ್ಲಿವೆ. ಮೂಲಪ್ರತಿಗಳು ಬ್ಯಾಂಕ್ ಲಾಕರಿನಲ್ಲಿವೆ.

ನನಗೆ ಇವೆಲ್ಲಕ್ಕಿಂತ ಹೆಚ್ಚಿನದು "ಅಪ್ಪನ ಧ್ವನಿ" ಎಂಬ ಫೋಲ್ಡರ್. 2014ರ ದೀಪಾವಳಿಯಲ್ಲಿ ಅಪ್ಪ ಧಾರವಾಡದ ಮನೆಯ ಕಟ್ಟೆಯ ಮೇಲೆ ಕುಳಿತು, ಅಡಿಕೆ ಕತ್ತರಿಸುತ್ತಲೇ, ಹೊಲ ಹಂಚಿಕೆಯಾದದ್ದನ್ನೂ ಅಜ್ಜಿಯ ತವರಿನ ಸಂಗತಿಗಳನ್ನೂ ಹೇಳಿದ 41 ಧ್ವನಿ ಕಡತಗಳು ಅದರಲ್ಲಿವೆ. ನಡುನಡುವೆ ಅಡಕತ್ತರಿಯ ಸದ್ದೂ ಕೇಳಿಸುತ್ತದೆ. ಒಂದು ಪ್ರತಿ ಡ್ರೈವಿನಲ್ಲಿದೆ, ಇನ್ನೊಂದು ಅವ್ವನ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಕಪ್ಪು ಹಾರ್ಡ್ ಡಿಸ್ಕಿನಲ್ಲಿ, ಲಕೋಟೆಯ ಪಕ್ಕದಲ್ಲೇ ಇದೆ. ಹಾರ್ಡ್ ಡಿಸ್ಕ್ ಎಂದಾದರೂ ಕೆಡುವ ವಸ್ತು, ಆದ್ದರಿಂದ ತಮ್ಮನೂ ತನ್ನ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಬೇಕು.

ಈ ವಿವರವನ್ನು ಪ್ರತಿ ಸಂಕ್ರಾಂತಿಗೆ ತಿದ್ದಿ ಮೂವರಿಗೂ ಒಂದೊಂದು ಪ್ರತಿ ಕೊಡುತ್ತೇನೆ. ಹೊಸದು ಕೈಸೇರಿದ ದಿನವೇ ಹಳೆಯದನ್ನು ಹರಿದುಹಾಕಿರಿ.