ಯುಆರ್‌ಎಲ್ ಶಾರ್ಟ್‌ನರ್ ಡಿಸೈನ್: ಇಂಟರ್‌ವ್ಯೂನಲ್ಲಿ ಕೊಟ್ಟ ಉತ್ತರ

ಮೇಡಂ, ಉದ್ದ ಲಿಂಕಿಗೆ ಪುಟ್ಟ ಕೋಡ್ ಕೊಟ್ಟು, ಅದನ್ನು ಒತ್ತಿದವರನ್ನು ಮೂಲ ಲಿಂಕಿಗೆ ಕಳಿಸುವ ಸೇವೆಯನ್ನು ಹೇಗೆ ಕಟ್ಟುತ್ತೀರಿ ಅಂತ ಕೇಳಿದಿರಿ. ಮೊದಲು ಅಂದಾಜು ಲೆಕ್ಕ ಹಾಕಿಬಿಡುತ್ತೇನೆ. ತಿಂಗಳಿಗೆ 10 ಕೋಟಿ ಹೊಸ ಲಿಂಕ್ ಅಂದುಕೊಳ್ಳೋಣ. ಸೆಕೆಂಡಿಗೆ ಸುಮಾರು 40 ರೈಟ್ ಆಯಿತು. ಒಂದೊಂದು ಲಿಂಕನ್ನೂ ಸರಾಸರಿ 100 ಸಲ ಒತ್ತಿದರೆ 4,000 ರೀಡ್. ಐದು ವರ್ಷಕ್ಕೆ 600 ಕೋಟಿ ಸಾಲು, ಸಾಲಿಗೆ 500 ಬೈಟ್ ಹಿಡಿದರೆ 3 ಟಿಬಿ. ಹೆದರುವಂಥದ್ದೇನಿಲ್ಲ.

ನಿಜವಾದ ತಲೆನೋವು ಐಡಿಯದ್ದು. ಅಂಕಿ, ಸಣ್ಣಕ್ಷರ, ದೊಡ್ಡಕ್ಷರ ಸೇರಿ 62 ಗುರುತು. ಏಳು ಅಕ್ಷರ ಇಟ್ಟರೆ 62⁷, ಅಂದರೆ ಸುಮಾರು 3.5 ಲಕ್ಷ ಕೋಟಿ ಕೋಡ್. ಬೇಕಾದಷ್ಟಾಯಿತು. ಉದ್ದ ಲಿಂಕನ್ನು ಹ್ಯಾಶ್ ಮಾಡಿ ಏಳು ಅಕ್ಷರ ಕತ್ತರಿಸಿಕೊಂಡರೆ ಸಾಕಲ್ವಾ ಅನಿಸುತ್ತದೆ. ಆದರೆ 20-25 ಲಕ್ಷ ಲಿಂಕ್ ಆಗುವಷ್ಟರಲ್ಲೇ ಎರಡು ಲಿಂಕಿಗೆ ಒಂದೇ ಕೋಡ್ ಬರುವ ಸಾಧ್ಯತೆ ಅರ್ಧಕ್ಕರ್ಧ. ಆಮೇಲೆ ಪ್ರತಿ ರೈಟ್‌ಗೂ 'ಈ ಕೋಡ್ ಖಾಲಿ ಇದೆಯಾ' ಅಂತ ನೋಡುತ್ತಾ ಕೂರಬೇಕು. ಅದರ ಬದಲು ನಾನು ಸಾಲಾಗಿ ನಂಬರ್ ಕೊಡುವ ಒಂದು ಕೌಂಟರ್ ಇಡುತ್ತೇನೆ. ಪ್ರತಿ ಲಿಂಕಿಗೂ ಅದನ್ನು ಕೇಳುವುದಿಲ್ಲ. ಪ್ರತಿ ಸರ್ವರ್ ಒಂದು ಸಲಕ್ಕೆ ಸಾವಿರ ನಂಬರ್ ಎತ್ತಿಕೊಳ್ಳುತ್ತದೆ:

```sql
UPDATE id_range SET next_id = next_id + 1000
RETURNING next_id - 1000 AS start_id;
```

ಸರ್ವರ್ ನಡುವೆ ಸತ್ತರೆ ಉಳಿದ ನಂಬರ್ ಹಾಳಾಗುತ್ತವೆ. ಆಗಲಿ ಬಿಡಿ, 3.5 ಲಕ್ಷ ಕೋಟಿಯಲ್ಲಿ ಅದ್ಯಾವ ಲೆಕ್ಕ?

ಇನ್ನೊಂದು ತೊಂದರೆ: ನಂಬರ್ ಸಾಲಾಗಿ ಬಂದರೆ ಯಾರು ಬೇಕಾದರೂ ಮುಂದಿನ ಕೋಡ್ ಊಹಿಸಿ ಬೇರೆಯವರ ಲಿಂಕ್ ತೆರೆಯಬಹುದು. ಅದಕ್ಕೆ ಐಡಿಯನ್ನು ಒಂದು ದೊಡ್ಡ ಬೆಸ ಸಂಖ್ಯೆಯಿಂದ ಗುಣಿಸಿ, 62⁷ರಿಂದ ಭಾಗಿಸಿದ ಶೇಷವನ್ನು ಬೇಸ್-62ಗೆ ತಿರುಗಿಸುತ್ತೇನೆ. ಆ ಸಂಖ್ಯೆ 31ರ ಗುಣಕ ಆಗಿರದಿದ್ದರೆ ಎರಡು ಐಡಿಗೆ ಒಂದೇ ಕೋಡ್ ಬರುವುದೇ ಇಲ್ಲ. ನೋಡಲು ಮಾತ್ರ ಚೆಲ್ಲಾಪಿಲ್ಲಿ. ಇದು ಭದ್ರತೆ ಅಲ್ಲ. ಗುಟ್ಟಾಗಿರಬೇಕಾದ ಲಿಂಕಿಗೆ ಉದ್ದದ ರ‍್ಯಾಂಡಮ್ ಕೋಡ್ ಕೊಡಬೇಕು.

ಸ್ಟೋರೇಜ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೋಡ್, ಉದ್ದ ಲಿಂಕ್, ಮಾಡಿದವರು, ಅವಧಿ ಮುಗಿಯುವ ದಿನ, ಇಷ್ಟೇ ಟೇಬಲ್. ಜಾಯಿನ್ ಇಲ್ಲ. ಪೋಸ್ಟ್‌ಗ್ರೆಸ್‌ನಿಂದ ಶುರು ಮಾಡಿ, ರೀಡ್‌ಗೆ ರೆಪ್ಲಿಕಾ ಹಾಕುತ್ತೇನೆ. ಮುಂದೆ ಬೇಕಾದರೆ ಕೋಡ್ ಮೇಲೆ ಶಾರ್ಡ್ ಮಾಡಬಹುದು, ಅಂದರೆ ಟೇಬಲನ್ನು ಹಲವು ಡೇಟಾಬೇಸ್‌ಗಳಿಗೆ ಹಂಚಬಹುದು. ಮೊದಲ ದಿನವೇ ಶಾರ್ಡಿಂಗ್ ಅನ್ನುವುದು ಸುಮ್ನೆ ಕೆಲಸ ಹೆಚ್ಚಿಸಿಕೊಂಡಂತೆ.

ಸ್ಕೇಲ್ ಕಷ್ಟವಾಗುವುದು ಒಟ್ಟು ಟ್ರಾಫಿಕ್‌ನಿಂದ ಅಲ್ಲ, ಒಂದೇ ಲಿಂಕ್‌ನಿಂದ. ಎಸ್ಸೆಸ್ಸೆಲ್ಸಿ ರಿಸಲ್ಟ್ ಲಿಂಕ್ ವಾಟ್ಸಾಪ್‌ನಲ್ಲಿ ಹರಿದಾಡಿತು ಅಂದುಕೊಳ್ಳಿ. ಎಲ್ಲರೂ ಅದೊಂದೇ ಕೋಡ್ ಒತ್ತುತ್ತಾರೆ. ಶಾರ್ಡ್ ಎಷ್ಟಿದ್ದರೂ ಪೆಟ್ಟು ಬೀಳುವುದು ಒಂದಕ್ಕೇ. ಡೇಟಾಬೇಸ್ ಮುಂದೆ ಕ್ಯಾಶ್ ಆಗಿ ರೆಡಿಸ್ ಇಟ್ಟರೂ ಆ ಕೀ ಇರುವ ಒಂದೇ ನೋಡ್ ಬಿಸಿಯಾಗುತ್ತದೆ. ಹಾಗಾಗಿ ರೆಡಿಸ್ ಮುಂದೆ ಪ್ರತಿ ಆ್ಯಪ್ ಸರ್ವರ್‌ನ ಮೆಮೊರಿಯಲ್ಲೇ ಹತ್ತು ಸೆಕೆಂಡಿನ ಪುಟ್ಟ ಕ್ಯಾಶ್ ಇಡುತ್ತೇನೆ.

ರೀಡೈರೆಕ್ಟ್‌ಗೆ ತಾತ್ಕಾಲಿಕ ಅನ್ನುವ 302 ಆರಿಸುತ್ತೇನೆ. ಶಾಶ್ವತ ಅನ್ನುವ 301 ಕೊಟ್ಟರೆ ಬ್ರೌಸರ್ ನೆನಪಿಟ್ಟುಕೊಂಡು ಮತ್ತೆ ನಮ್ಮ ಹತ್ತಿರ ಬರದೇ ಇರಬಹುದು. ಲೋಡ್ ಕಡಿಮೆ, ನಿಜ. ಆದರೆ ಕ್ಲಿಕ್ ಲೆಕ್ಕ ತಪ್ಪುತ್ತದೆ, ಮೋಸದ ಲಿಂಕನ್ನು ಆಮೇಲೆ ತಡೆಯಲೂ ಆಗುವುದಿಲ್ಲ. ಕ್ಲಿಕ್ ಎಣಿಕೆಯನ್ನು ಮಾತ್ರ ಕ್ಯೂಗೆ ಹಾಕಿ ಹಿಂದಿನಿಂದ ಮಾಡುತ್ತೇನೆ. ಲಿಂಕ್ ಒತ್ತಿದವರನ್ನು ಅದಕ್ಕಾಗಿ ಕಾಯಿಸಬಾರದು.

ಕೌಂಟರ್ ಇರುವ ಡೇಟಾಬೇಸೇ ಬಿದ್ದರೆ ಏನು ಅಂತ ನೀವು ಕೇಳಬಹುದು, ಮೇಡಂ. ಹಳೆಯ ಲಿಂಕ್‌ಗಳಿಗೆ ಏನೂ ಆಗುವುದಿಲ್ಲ, ಸರ್ವರ್‌ಗಳ ಕೈಯಲ್ಲಿ ಉಳಿದ ನಂಬರ್ ಮುಗಿಯುವವರೆಗೆ ಹೊಸ ಐಡಿಗೂ ಕೊರತೆ ಇಲ್ಲ. ಹತ್ತು ಸರ್ವರ್ ಇದ್ದರೆ ಸೆಕೆಂಡಿಗೆ 40ರಂತೆ ಹೆಚ್ಚೆಂದರೆ ಸುಮಾರು ನಾಲ್ಕು ನಿಮಿಷ. ಅಷ್ಟು ಸಾಲದಿದ್ದರೆ ಸಾವಿರದ ಬದಲು ಹತ್ತು ಸಾವಿರ ಎತ್ತಿಕೊಂಡರಾಯಿತು.