ಹಾವು ಸಹಾಯವಾಣಿ: ಜೂನ್ 1ರಿಂದ ನಂಬರ್ ಬದಲು

❌ ಹಳೆಯದು: 080-5550 0142
✅ ಹೊಸದು: 080-5550 0177
📅 2026ರ ಜೂನ್ 1, ಸೋಮವಾರ ಬೆಳಗ್ಗೆ 6 ಗಂಟೆಯಿಂದ

ಕೊನೆಯ ಎರಡು ಅಂಕಿ ಅಷ್ಟೇ ಬೇರೆ. 42 ಹೋಯ್ತು, 77 ಬಂತು. ದಿನದ 24 ಗಂಟೆಯೂ ಎತ್ತುತ್ತೇವೆ. ಫೋಟೊ, ಲೊಕೇಶನ್ ಕಳಿಸುವ ವಾಟ್ಸಾಪ್‌ಗೂ ಇದೇ ನಂಬರ್.

ಜೂನ್ 30ರ ರಾತ್ರಿವರೆಗೆ ಹಳೆ ನಂಬರಿಗೆ ಮಾಡಿದ ಕರೆಯೂ ನಮಗೇ ಬರುತ್ತದೆ. ಜುಲೈ 1ರಿಂದ ಅದು ಪೂರ್ತಿ ಬಂದ್.

ಯಾಕೆ ಬದಲು ಅಂದರೆ, ಹಳೆಯದು ಒಂದೇ ಲೈನು. ಮಳೆ ಹೊಯ್ದ ಸಂಜೆ ಒಬ್ಬರು ಮಾತಾಡುತ್ತಿದ್ದರೆ ಮಿಕ್ಕವರಿಗೆಲ್ಲ ಎಂಗೇಜ್. "ಅರ್ಧ ಗಂಟೆ ಟ್ರೈ ಮಾಡಿದೆ ಸಾರ್, ಅಷ್ಟರಲ್ಲಿ ಹಾವೇ ಎಲ್ಲೋ ಹೊರಟುಹೋಯ್ತು" ಅಂತ ಎಷ್ಟೋ ಸಲ ಬೈಸಿಕೊಂಡಿದ್ದೇವೆ. ಬೈದದ್ದು ನ್ಯಾಯವೇ. ಎಲ್ಲಿಗೆ ಹೋಯ್ತು ಅಂತ ಗೊತ್ತಿಲ್ಲದ ಹಾವು, ಕಣ್ಣೆದುರಿಗಿರುವ ಹಾವಿಗಿಂತ ಹೆಚ್ಚು ನಿದ್ದೆ ಕೆಡಿಸುತ್ತದೆ. ಹೊಸ ನಂಬರ್‌ನಲ್ಲಿ ಒಬ್ಬರು ಬಿಜಿ ಇದ್ದರೆ ಕರೆ ಡ್ಯೂಟಿಯಲ್ಲಿರುವ ಇನ್ನೊಬ್ಬರಿಗೆ ಹೋಗುತ್ತದೆ.

ಬನಶಂಕರಿ, ಉತ್ತರಹಳ್ಳಿ, ಕೆಂಗೇರಿ, ಕನಕಪುರ ರಸ್ತೆ, ತುರಹಳ್ಳಿ ಕಾಡಿನ ಅಂಚಿನ ಲೇಔಟ್‌ಗಳವರೇ, ನಿಮ್ಮ ಮೊಬೈಲ್‌ನಲ್ಲಿ ಬದಲಾಯಿಸಿದರೆ ಸಾಲದು. ಹಳೆ ನಂಬರ್ ಇನ್ನೂ ಲಿಫ್ಟ್ ಪಕ್ಕದ ನೋಟಿಸ್‌ನಲ್ಲಿದೆ, ಸೆಕ್ಯುರಿಟಿ ಅಣ್ಣನ ಡೈರಿಯಲ್ಲಿದೆ, ಶಾಲೆಯ ಗೇಟಿನ ಮೇಲೆ ಪೇಂಟ್‌ನಲ್ಲಿದೆ. ರಾತ್ರಿ ಎರಡು ಗಂಟೆಗೆ ಗಾಬರಿಯಲ್ಲಿ ಜನ ನೋಡುವುದು ಅದನ್ನೇ. ಒಂದು ಮಾರ್ಕರ್ ತಗೊಂಡು ಇವತ್ತೇ ತಿದ್ದಿಬಿಡಿ.

ಕರೆ ಮಾಡಿದ ಮೇಲೆ ನಾವು ಬರುವವರೆಗೆ ದೂರದಲ್ಲೇ ನಿಂತು ಹಾವಿನ ಮೇಲೊಂದು ಕಣ್ಣಿಟ್ಟಿರಿ. ಮಕ್ಕಳನ್ನೂ ನಾಯಿಯನ್ನೂ ಒಳಗೆ ಕಳಿಸಿ. ಕೋಲು, ಕಲ್ಲು, ಸೀಮೆಎಣ್ಣೆ ಯಾವುದೂ ಬೇಡ. ಬಂದದ್ದು ಇಲಿ ಹುಡುಕಿಕೊಂಡು ಬಂದ ಕೇರೆ ಹಾವೂ ಆಗಿರಬಹುದು, ಅದಕ್ಕೆ ವಿಷವಿಲ್ಲ. ಆದರೆ ಅದು ಕೇರೆಯೋ ನಾಗರವೋ ಅಂತ ಹತ್ತಿರ ಹೋಗಿ ಪರೀಕ್ಷೆ ಮಾಡಬೇಡಿ.

🚑 ಹಾವು ಕಚ್ಚಿದ್ದರೆ ಮೊದಲು ನಮಗಲ್ಲ, 108ಕ್ಕೆ ಕರೆ ಮಾಡಿ. ಕಚ್ಚಿದ ಜಾಗ ಕುಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಬಾಯಲ್ಲಿ ಹೀರಬೇಡಿ. ಉಂಗುರ, ಬಳೆ, ವಾಚು ತೆಗೆದು, ಕೈಕಾಲು ಅಲ್ಲಾಡಿಸದಂತೆ ನೋಡಿಕೊಂಡು ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನೊಂದು ಮಾತು: "ನಂಬರ್ ಬದಲಾಗಿದೆ, ಒಟಿಪಿ ಹೇಳಿ" ಅಥವಾ "ರಿಜಿಸ್ಟ್ರೇಶನ್‌ಗೆ ದುಡ್ಡು ಕಳಿಸಿ" ಅಂತ ಯಾರಾದರೂ ಫೋನ್ ಮಾಡಿದರೆ ಅದು ನಾವಲ್ಲ. ಹಾವು ಹಿಡಿಯೋಕೆ ಒಟಿಪಿ ಬೇಕಿಲ್ಲ.

ಅಪಾರ್ಟ್‌ಮೆಂಟ್, ಲೇಔಟ್ ಗ್ರೂಪ್‌ಗಳಿಗೆ ಈ ಪೋಸ್ಟ್ ದಾಟಿಸಿ. 080-5550 0177 🐍

#ಹಾವುಸಹಾಯವಾಣಿ #ಬೆಂಗಳೂರು #ಹೊಸನಂಬರ್