ನನ್ನ ತರಬೇತಿ ಧೋರಣೆ

ತೀರ್ಥಹಳ್ಳಿ ತಾಲ್ಲೂಕಿನ ಈ ಪ್ರೌಢಶಾಲೆಗೆ ಖೋ-ಖೋ ಮತ್ತು ಕಬಡ್ಡಿ ತರಬೇತುದಾರನಾಗಿ ನೇಮಕಗೊಂಡಿರುವ ನಾನು, ಮೈದಾನದಲ್ಲಿ ಮಕ್ಕಳೊಂದಿಗೆ ಹೇಗೆ ನಡೆದುಕೊಳ್ಳುತ್ತೇನೆ ಎಂಬುದನ್ನು ಮುಖ್ಯೋಪಾಧ್ಯಾಯರು, ಎಸ್‌ಡಿಎಂಸಿ ಸದಸ್ಯರು ಮತ್ತು ಪೋಷಕರ ಮುಂದೆ ಬರವಣಿಗೆಯಲ್ಲಿ ಇಡುತ್ತಿದ್ದೇನೆ.

ಆಡಲು ಬಂದ ಯಾವ ಮಗುವನ್ನೂ ನಾನು ವಾಪಸ್ ಕಳಿಸುವುದಿಲ್ಲ. ಹೋಬಳಿ ಮಟ್ಟದ ಪಂದ್ಯಕ್ಕೆ ತಂಡ ಆರಿಸಲೇಬೇಕು, ಗೆಲ್ಲಬೇಕೆಂಬ ಆಸೆ ನನಗೂ ಇದೆ. ಆದರೆ ಆಯ್ಕೆಯಾಗದವರ ಅಭ್ಯಾಸ ಅಂದಿಗೇ ನಿಲ್ಲಕೂಡದು. ಎಂಟನೇ ತರಗತಿಯಲ್ಲಿ ಹಿಂದೆ ಬಿದ್ದ ಹುಡುಗಿ ಮೈ ಬೆಳೆದಂತೆ ಹತ್ತನೇ ತರಗತಿಯ ಹೊತ್ತಿಗೆ ಎಲ್ಲರಿಗಿಂತ ಚುರುಕಾಗಬಹುದು, ಅಷ್ಟರವರೆಗೆ ಅವಳನ್ನು ಆಟದಲ್ಲಿ ಉಳಿಸಿಕೊಳ್ಳುವುದೇ ತರಬೇತುದಾರನ ನಿಜವಾದ ಕೆಲಸವೆಂದು ನಾನು ನಂಬಿದ್ದೇನೆ.

ಮೊದಲು ಕಲಿಸುವುದು ವೇಗವನ್ನಲ್ಲ. ಖೋ-ಖೋದಲ್ಲಿ ಕುಳಿತ ಎಂಟು ಜನರ ಭಂಗಿ ಸರಿಯಿಲ್ಲದಿದ್ದರೆ, ಅಟ್ಟುವ ಒಂಬತ್ತನೆಯವರು ಎಷ್ಟು ಓಡಿದರೂ ಪ್ರಯೋಜನವಿಲ್ಲ. ಒಂದು ಕಾಲಿನ ಮುಂಗಾಲ ಮೇಲೆ ಭಾರ ಹಾಕಿ ಕೂರುವುದು, ಬೆನ್ನಿಗೆ ಕೈ ತಗುಲಿ ‘ಖೋ’ ಎಂಬ ಸದ್ದು ಕಿವಿಗೆ ಬೀಳುವ ತನಕ ಏಳದಿರುವುದು, ಎದ್ದ ಮೇಲೆ ಭುಜ ತಿರುಗಿದ ದಿಕ್ಕಿಗೇ ಓಡುವುದು: ಇವು ಮೈಗೂಡುವವರೆಗೆ ಅಂಕ ಎಣಿಸುವ ಆಟ ಆಡಿಸುವುದಿಲ್ಲ.

ನಮ್ಮದು ಮಳೆಯೂರು, ಹೋಬಳಿ ಮತ್ತು ತಾಲ್ಲೂಕು ಪಂದ್ಯಗಳು ಬರುವುದೂ ಸಾಮಾನ್ಯವಾಗಿ ಮಳೆಗಾಲದಲ್ಲೇ. ಪಾಚಿ ಕಟ್ಟಿದ ಜಂಬಿಟ್ಟಿಗೆ ನೆಲದಲ್ಲಿ ಮಕ್ಕಳನ್ನು ಓಡಿಸುವ ಬದಲು ಜಗಲಿಯಲ್ಲಿ ಸ್ಕಿಪ್ಪಿಂಗ್, ಕೂತು ಏಳುವ ಅಭ್ಯಾಸ, ಬಿದ್ದಾಗ ಪೆಟ್ಟಾಗದಂತೆ ಉರುಳುವುದನ್ನು ಮಾಡಿಸುವೆ. ಗುಡುಗು ಕೇಳಿಸಿದ ಕೂಡಲೇ ಎಲ್ಲರೂ ಒಳಗೆ. ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆಯದೆ ಮೈದಾನಕ್ಕೆ ಇಳಿಯುವುದಿಲ್ಲ. ತಲೆಗೆ ಪೆಟ್ಟಾದವರು ಪಂದ್ಯ ಫೈನಲ್ ಆಗಿದ್ದರೂ ಅಂದು ಮತ್ತೆ ಆಡುವುದಿಲ್ಲ.

ಹೊಡೆತ, ಬೈಗುಳ, ತಪ್ಪಿಗೆ ಮೈದಾನ ಸುತ್ತಿಸುವುದು ನನ್ನ ಬಳಿ ಇರುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕಾಯ್ದೆ ಇಲ್ಲದಿದ್ದರೂ, ಓಟವನ್ನು ಶಿಕ್ಷೆಯಾಗಿ ಕಂಡ ಮಗು ಓಟವನ್ನು ಪ್ರೀತಿಸಲಾರದು. ಮುಟ್ಟಿನ ದಿನಗಳಲ್ಲಿ ಆಡುವುದು ಬಿಡುವುದು ಹುಡುಗಿಯರ ಇಷ್ಟ, ನನಗೆ ಕಾರಣ ಹೇಳಬೇಕಾಗಿಲ್ಲ. ಹುಡುಗಿಯರ ತಂಡ ಹೊರಗೆ ಹೋಗುವಾಗ ಶಿಕ್ಷಕಿಯೊಬ್ಬರು ಜೊತೆಗಿರಲೇಬೇಕು.

ಅಭ್ಯಾಸ ಸಂಜೆ 4.15ರಿಂದ 5.15ರವರೆಗೆ. ದೂರದ ಹಳ್ಳಿಯ ಮಕ್ಕಳ ಬಸ್ ತಪ್ಪಿದರೆ ಕತ್ತಲಲ್ಲಿ ಕಾಡುದಾರಿ ನಡೆಯಬೇಕಾಗುವುದರಿಂದ ಒಂದು ನಿಮಿಷವೂ ಹೆಚ್ಚು ನಿಲ್ಲಿಸಿಕೊಳ್ಳುವುದಿಲ್ಲ. ಅಡಿಕೆ ಕೊಯ್ಲಿನಲ್ಲಿ ಮನೆಗೆಲಸಕ್ಕೆ ನಿಂತವರು ಮುಂಚಿತವಾಗಿ ತಿಳಿಸಿದರೆ ಸಾಕು, ಅದರಿಂದ ತಂಡದ ಸ್ಥಾನ ಹೋಗದು.

ಆಯ್ಕೆಯ ಬಗ್ಗೆ ಕೇಳಬೇಕೆನಿಸಿದ ಪೋಷಕರು ಶನಿವಾರ ಶಾಲೆ ಬಿಟ್ಟ ಮೇಲೆ ಬರಬಹುದು. ಅವರ ಮಗುವಿನ ಹಾಜರಿ ಮತ್ತು ಅಭ್ಯಾಸದ ದಾಖಲೆಯನ್ನು ತೆರೆದು ತೋರಿಸುತ್ತೇನೆ.